ಡ್ಯಾಶ್‌ಬೋರ್ಡಿನ ಚಿತ್ರದಿಂದ ಮ್ಯಾನೇಜರರಿಗೆ ವಾರದ ಮೇಲ್: ಕಳವಳದ ಎರಡು ಅಂಕಿಗಳನ್ನು ತಿಳಿಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ ಮಾಡುವ ಫೌಂಡ್ರಿಯೊಂದರ ಯೋಜನಾ ವಿಭಾಗದಲ್ಲಿ ಕುಳಿತು ಪ್ರತಿ ಸೋಮವಾರ ಬೆಳಗ್ಗೆ ಮ್ಯಾನೇಜರರಿಗೆ ಒಂದು ಮೇಲ್ ಬರೆಯುವುದು ನನ್ನ ಕೆಲಸಗಳಲ್ಲಿ ಒಂದು. ಹಿಂದಿನ ವಾರದ ಕೆಪಿಐಗಳು, ಅಂದರೆ ಕೆಲಸದ ಮುಖ್ಯ ಅಳತೆಗಳೆಲ್ಲ, ಡ್ಯಾಶ್‌ಬೋರ್ಡಿನ ಒಂದೇ ಪರದೆಯ ಮೇಲೆ ಬರುತ್ತವೆ. ಅದರ ಸ್ಕ್ರೀನ್‌ಶಾಟ್ ತೆಗೆದು, ನಾಲ್ಕು ಸಾಲು ಬರೆದು, ಕಳಿಸಬೇಕು. ಈ ನಾಲ್ಕು ಸಾಲುಗಳಲ್ಲಿ ಯಾವ ಅಂಕಿಯ ಬಗ್ಗೆ ಮ್ಯಾನೇಜರರನ್ನು ಎಚ್ಚರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸುವುದೇ ಈ ಕೆಲಸದ ಕಷ್ಟದ ಭಾಗ. ಅದನ್ನು ಒಂದು ವಾರದ ಉದಾಹರಣೆಯ ಮೂಲಕ ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸುತ್ತೇನೆ. ಅಂಕಿಗಳು ಉದಾಹರಣೆಗೆಂದು ನಾನೇ ಹಾಕಿಕೊಂಡವು. ಆದರೆ ಅವುಗಳ ಹಿಂದಿನ ಲೆಕ್ಕದ ಕ್ರಮ ನಮ್ಮ ಕಡೆಯ ಫೌಂಡ್ರಿಗಳಲ್ಲಿ ನಡೆಯುವಂಥದ್ದೇ ಆಗಿದೆ.

ವಾರ ಜುಲೈ 7ರ ಸೋಮವಾರದಿಂದ 12ರ ಶನಿವಾರದವರೆಗಿನದು. ಪರದೆಯ ಮೇಲೆ ಐದು ಚೌಕಗಳಿವೆ. ಡಿಸ್ಪ್ಯಾಚ್ 116 ಟನ್, ಗುರಿ 115, ಬಣ್ಣ ಹಸಿರು. ರಿಜೆಕ್ಷನ್ ಶೇ. 6.0, ಮಿತಿ ಶೇ. 4, ಬಣ್ಣ ಕೆಂಪು. ಸಕಾಲದ ಡೆಲಿವರಿ ಶೇ. 91, ಗುರಿ ಶೇ. 90, ಬಣ್ಣ ಹಸಿರು. ಕರಗಿಸಿದ ಪ್ರತಿ ಟನ್ ಕಬ್ಬಿಣಕ್ಕೆ ತಗುಲಿದ ವಿದ್ಯುತ್ 624 ಯುನಿಟ್, ಮಿತಿ 620, ಬಣ್ಣ ಕೆಂಪು. ಗ್ರಾಹಕರ ದೂರು ಒಂದು, ಮಿತಿ ಎರಡು, ಬಣ್ಣ ಹಸಿರು.

ಬಣ್ಣವನ್ನಷ್ಟೇ ನೋಡಿದವರು ರಿಜೆಕ್ಷನ್ ಮತ್ತು ವಿದ್ಯುತ್ ಎರಡೂ ಕೆಟ್ಟಿವೆ ಎಂದು ಬರೆದು ಕಳಿಸುತ್ತಾರೆ. ಸರಿಯಾದ ಮೇಲ್ ಅದಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಹೆಜ್ಜೆ: ಚಿತ್ರ ಯಾವ ಹೊತ್ತಿನದು, ಯಾವ ಅವಧಿಯದು

ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಪರದೆಯ ಎರಡು ಜಾಗಗಳನ್ನು ನೋಡಬೇಕು. ಒಂದು ದಿನಾಂಕದ ಫಿಲ್ಟರ್, ಇನ್ನೊಂದು ದತ್ತಾಂಶ ಕೊನೆಯ ಬಾರಿ ನವೀಕರಣವಾದ ಸಮಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಮ್ಮೆ ಫಿಲ್ಟರ್ 'ಈ ತಿಂಗಳು' ಎಂದಿದ್ದುದನ್ನು ಗಮನಿಸದೆ, ತಿಂಗಳ ಒಟ್ಟು ರಿಜೆಕ್ಷನ್ನನ್ನು ವಾರದ್ದೆಂದು ಬರೆದಿದ್ದೆ. ತಿಂಗಳ ಸರಾಸರಿಯಲ್ಲಿ ಆ ವಾರದ ಏರಿಕೆ ಕರಗಿಹೋಗಿತ್ತು, ಮತ್ತು ತೊಂದರೆ ಇದ್ದದ್ದು ತಿಳಿಯಲು ಇನ್ನೊಂದು ವಾರ ಹಿಡಿಯಿತು. ಆಗಿನಿಂದ ಫಿಲ್ಟರಿನ ಪಟ್ಟಿಯೂ ಚಿತ್ರದೊಳಗೆ ಬರುವಂತೆಯೇ ಕತ್ತರಿಸುತ್ತೇನೆ. ಹೀಗೆ ಮಾಡಿದರೆ ಅಂಕಿ ಯಾವ ಅವಧಿಯದೆಂದು ಓದುವವರೂ ಪರೀಕ್ಷಿಸಬಹುದು.

ಸಮಯದ ವಿಷಯ ಇನ್ನೂ ಸೂಕ್ಷ್ಮವಾದುದು. ಶನಿವಾರ ಸಂಜೆ ಆರಕ್ಕೆ ಚಿತ್ರ ತೆಗೆದರೆ ಎರಡನೇ ಪಾಳಿಯ ತಪಾಸಣೆಯ ನಮೂದು ಇನ್ನೂ ಬಂದಿರುವುದಿಲ್ಲ, ಆದರೆ ಆ ಹೊತ್ತಿಗೆ ಹೊರಟ ಗಾಡಿಗಳ ಲೆಕ್ಕ ಬಂದಿರುತ್ತದೆ. ಹಾಗಾಗಿ ಡಿಸ್ಪ್ಯಾಚ್ ಪೂರ್ತಿಯಾಗಿ, ರಿಜೆಕ್ಷನ್ ಅರೆಬರೆಯಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಸೋಮವಾರ ಬೆಳಗ್ಗೆ ಎಂಟಕ್ಕೆ, ಹಿಂದಿನ ಸೋಮವಾರದಿಂದ ಶನಿವಾರದ ಫಿಲ್ಟರ್ ಹಾಕಿ, ಒಮ್ಮೆ ರಿಫ್ರೆಶ್ ಮಾಡಿ ಆಮೇಲೆ ಚಿತ್ರ ತೆಗೆಯಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ `Win + Shift + S` ಒತ್ತಿದರೆ ಬೇಕಾದ ಭಾಗವನ್ನಷ್ಟೇ ಎಳೆದು ಆರಿಸಬಹುದು. ಗ್ರಾಹಕರ ಹೆಸರು, ದರ ಇರುವ ಕೋಷ್ಟಕ ಕೆಳಗಿದ್ದರೆ ಅದನ್ನು ಬಿಟ್ಟುಬಿಡಿ, ಏಕೆಂದರೆ ಮೇಲ್ ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ.

ಎರಡನೇ ಹೆಜ್ಜೆ: ಶೇಕಡಾವಾರಿನ ಹಿಂದಿನ ಟನ್ನು, ಸಾಲು, ಯುನಿಟ್ಟು

ಚೌಕದಲ್ಲಿ ಕಾಣುವುದು ಕೊನೆಯ ಅಂಕಿ ಮಾತ್ರ. ಅದರ ಮೇಲೆ ಕ್ಲಿಕ್ ಮಾಡಿ ಒಳಗಿನ ಮೂಲ ಅಂಕಿಗಳನ್ನು ತೆಗೆದು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಚ್ಚರಿಸುವುದೋ ಬೇಡವೋ ಎಂಬ ತೀರ್ಮಾನ ಆಗುವುದು ಇಲ್ಲೇ, ಆದ್ದರಿಂದ ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಬೇಕು.

ಕೆಂಪಾದ ವಿದ್ಯುತ್ತಿನಿಂದ ಆರಂಭಿಸೋಣ. ಆ ವಾರ ಕರಗಿಸಿದ ಕಬ್ಬಿಣ 200 ಟನ್, ಬಳಸಿದ ವಿದ್ಯುತ್ 1,24,800 ಯುನಿಟ್, ಭಾಗಿಸಿದರೆ 624. ಹಿಂದಿನ ವಾರ ಇದು 615 ಇತ್ತು. ಕುಲುಮೆಯ ದಾಖಲೆ ಪುಸ್ತಕ ತೆರೆದಾಗ, ಆ ವಾರ ಇಂಡಕ್ಷನ್ ಕುಲುಮೆಯ ಒಳಮೈಯ ಲೈನಿಂಗ್ ಬದಲಾಯಿಸಿದ್ದು ಕಂಡಿತು. ಹೊಸ ಲೈನಿಂಗ್ ಗಟ್ಟಿಯಾಗಬೇಕಾದರೆ ಕುಲುಮೆಯನ್ನು ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ ಖರ್ಚಾಗುತ್ತದೆ, ಎರಕ ಮಾತ್ರ ಹೊರಬರುವುದಿಲ್ಲ. ಪುಸ್ತಕದ ಪ್ರಕಾರ ಅದಕ್ಕೆ ಹೋದದ್ದು 1,800 ಯುನಿಟ್. ಅದನ್ನು ಕಳೆದರೆ ಉಳಿಯುವುದು 1,23,000. ಅದನ್ನು 200ರಿಂದ ಭಾಗಿಸಿದರೆ ಸರಿಯಾಗಿ 615. ಏರಿಕೆಯಷ್ಟಕ್ಕೂ ಕಾರಣ ಸಿಕ್ಕಿತು, ಅದು ಮರುವಾರ ಇರುವುದೂ ಇಲ್ಲ. ಆದ್ದರಿಂದ ಈ ಕೆಂಪು ಚೌಕಕ್ಕೆ ಮೇಲ್‌ನಲ್ಲಿ ಒಂದೇ ವಾಕ್ಯ ಸಾಕು. ಆದರೆ ಆ ವಾಕ್ಯವನ್ನು ಬಿಡುವಂತಿಲ್ಲ. ಚಿತ್ರದಲ್ಲಿ ಕೆಂಪು ಕಂಡು, ಬರಹದಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಮ್ಯಾನೇಜರರು ಮೊದಲು ಕೇಳುವುದೇ ಅದನ್ನು.

ಇನ್ನು ರಿಜೆಕ್ಷನ್. ತಪಾಸಣೆಯಾದದ್ದು 120 ಟನ್, ತಿರಸ್ಕೃತವಾದದ್ದು 7.2 ಟನ್, ಅಂದರೆ ಶೇ. 6.0. ಹಿಂದಿನ ವಾರ 122 ಟನ್ನಿಗೆ 5.1 ಟನ್, ಅಂದರೆ ಶೇ. 4.2. ಇಲ್ಲಿ ಬಹಳ ಜನ ಎಡವುವ ಒಂದು ಮಾತಿದೆ. 4.2ರಿಂದ 6.0ಕ್ಕೆ ಹೋದದ್ದನ್ನು 'ರಿಜೆಕ್ಷನ್ ಶೇ. 1.8ರಷ್ಟು ಏರಿತು' ಎಂದು ಬರೆಯುತ್ತಾರೆ. ಏರಿದ್ದು 1.8 ಶೇಕಡಾ ಅಂಶ; ಹಿಂದಿನ ವಾರದ ದರಕ್ಕೆ ಹೋಲಿಸಿದರೆ ಅದು ಶೇ. 40ಕ್ಕೂ ಹೆಚ್ಚಿನ ಏರಿಕೆ. ಈ ಗೊಂದಲವೇ ಬೇಡವೆಂದರೆ 'ಶೇ. 4.2 ಇದ್ದದ್ದು ಶೇ. 6.0 ಆಗಿದೆ, ತೂಕದಲ್ಲಿ 2.1 ಟನ್ ಹೆಚ್ಚು' ಎಂದು ಬರೆಯುವುದು ಒಳ್ಳೆಯದು. ಟನ್ನಿನ ಲೆಕ್ಕ ಫೌಂಡ್ರಿಯವರಿಗೆ ಕಣ್ಣಿಗೆ ಕಟ್ಟುತ್ತದೆ.

ಈ 2.1 ಟನ್ ಎಲ್ಲಿಂದ ಬಂತು ಎಂದು ಐಟಂವಾರು ನೋಡಿದೆ. ಪಂಪ್ ಬಾಡಿ ಎಂಬ ಒಂದೇ ಐಟಂ ಹಿಂದಿನ ವಾರ 0.9 ಟನ್ ತಿರಸ್ಕೃತವಾಗಿತ್ತು, ಈ ವಾರ 3.0 ಟನ್. ಉಳಿದ ಐಟಂಗಳ ಒಟ್ಟು ಎರಡೂ ವಾರ 4.2 ಟನ್ನೇ. ಎಂದರೆ ಏರಿಕೆ ಪೂರ್ತಿ ಒಂದೇ ಐಟಮ್ಮಿನದು. ಪ್ರತಿ ಪಂಪ್ ಬಾಡಿ 25 ಕಿಲೋ. ತಪಾಸಣೆಗೆ ಬಂದ 480ರಲ್ಲಿ 120 ಹೋಗಿವೆ, ಹಿಂದಿನ ವಾರ ಅಷ್ಟರಲ್ಲೇ 36 ಹೋಗಿದ್ದವು. ದೋಷದ ಕಾಲಮ್ಮಿನಲ್ಲಿ ಹೆಚ್ಚಿನವಕ್ಕೆ 'ಬ್ಲೋ ಹೋಲ್' ಎಂದಿದೆ, ಅಂದರೆ ಅನಿಲ ಸಿಕ್ಕಿಕೊಂಡು ಎರಕದೊಳಗೆ ಉಂಟಾದ ಟೊಳ್ಳು.

ಇನ್ನೊಂದು ಸಂಗತಿಯನ್ನು ಡ್ಯಾಶ್‌ಬೋರ್ಡ್ ತಾನಾಗಿ ತೋರಿಸುವುದಿಲ್ಲ. ಅಲ್ಲಿ ವಾರವನ್ನು ಎಣಿಸುವುದು ತಪಾಸಣೆಯ ದಿನಾಂಕದಿಂದ. ಎರಕ ಹೊಯ್ದ ಮೇಲೆ ಅದು ತಣ್ಣಗಾಗಿ, ಮರಳು ಕೊಡವಿ, ಶಾಟ್ ಬ್ಲಾಸ್ಟಿಂಗ್ ಮತ್ತು ಫೆಟ್ಲಿಂಗ್ ಮುಗಿದು ತಪಾಸಣೆಗೆ ಬರಲು ನಮ್ಮಲ್ಲಿ ಮೂರು ದಿನ ಬೇಕು. ಹಾಗಾಗಿ ಜುಲೈ 7ರಿಂದ 12ರವರೆಗೆ ತಿರಸ್ಕೃತವಾದವು 4ರಿಂದ 9ರವರೆಗೆ ಹೊಯ್ದವು. ಪ್ರತಿ ಸಲ ಕರಗಿಸಿದ ಕಬ್ಬಿಣಕ್ಕೆ ಕೊಡುವ ಹೀಟ್ ನಂಬರಿನ ಮೂಲಕ ಹೊಯ್ದ ದಿನಕ್ಕೆ ಹೋದಾಗ, 120ರಲ್ಲಿ 92 ಪಂಪ್ ಬಾಡಿಗಳು 7 ಮತ್ತು 8ರಂದು ಹೊಯ್ದವೆಂದು ತಿಳಿಯಿತು. ಮರಳಿನ ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಆ ಎರಡು ದಿನ ಮೋಲ್ಡಿಂಗ್ ಮರಳಿನ ತೇವಾಂಶ ಶೇ. 4.3 ಎಂದಿತ್ತು, ನಮ್ಮಲ್ಲಿ ಅದು ಸಾಮಾನ್ಯವಾಗಿ ಶೇ. 3.2ರಿಂದ 3.6ರೊಳಗೆ ಇರುತ್ತದೆ. ಜುಲೈ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆಯ ತಿಂಗಳು. ಹೊಸ ಮರಳು ಬಯಲಲ್ಲಿದ್ದರೆ ನೆನೆಯುತ್ತದೆ. ಮರಳಿನಲ್ಲಿ ನೀರು ಹೆಚ್ಚಾದರೆ ಕಾದ ಕಬ್ಬಿಣ ತಾಗಿದೊಡನೆ ಆವಿ ಹೆಚ್ಚಾಗುತ್ತದೆ, ಹೊರಹೋಗಲು ದಾರಿ ಸಾಲದಿದ್ದರೆ ಅದು ಎರಕದೊಳಗೇ ಉಳಿಯುತ್ತದೆ.

ಇಷ್ಟಾದರೂ ಮರಳೇ ಕಾರಣ ಎಂದು ಬರೆಯುವ ಹಾಗಿಲ್ಲ. ಎರಕದೊಳಗೆ ಪೊಳ್ಳು ಜಾಗ ಬರಲೆಂದು ಅಚ್ಚಿನಲ್ಲಿ ಇಡುವ ಕೋರ್ ತೇವ ಹಿಡಿದಿದ್ದರೂ, ಅನಿಲ ಹೊರಹೋಗುವ ಅಚ್ಚಿನ ವೆಂಟ್ ಮುಚ್ಚಿದ್ದರೂ ಇದೇ ದೋಷ ಬರುತ್ತದೆ, ಮತ್ತು ಕೋರ್ ಇಟ್ಟ ಜಾಗವನ್ನು ಆ ಎರಡು ದಿನ ಯಾರೂ ಪರೀಕ್ಷಿಸಿಲ್ಲ. ದಿನಗಳು ಹೊಂದಿಕೊಳ್ಳುವುದು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಮೇಲ್‌ನಲ್ಲಿ ಈ ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಇಡಬೇಕು. ಮರಳಿನ ವಿಭಾಗದ ಹಿರಿಯರ ಮೇಲೆ ದೂರು ಹೊರಿಸಿದಂತೆ ಒಂದು ವಾಕ್ಯ ಹೋಯಿತೆಂದರೆ, ಆಮೇಲೆ ನಿಜವಾದ ಕಾರಣ ಹುಡುಕಲು ಅವರ ಸಹಕಾರ ಸಿಗುವುದಿಲ್ಲ.

ಮೂರನೇ ಹೆಜ್ಜೆ: ಹಸಿರಿನೊಳಗಿನ ಇಳಿಕೆ

ಸಕಾಲದ ಡೆಲಿವರಿ ಶೇ. 91, ಗುರಿಗಿಂತ ಒಂದು ಮೇಲೆ. ಚೌಕ ಹಸಿರಾಗಿದೆ, ಏಕೆಂದರೆ ಬಣ್ಣ ಹಾಕುವ ನಿಯಮ ಈ ವಾರದ ಅಂಕಿಯನ್ನು ಗುರಿಗೆ ಮಾತ್ರ ಹೋಲಿಸುತ್ತದೆ. ಹಿಂದಿನ ವಾರಗಳಿಗೆ ಹೋಲಿಸುವುದಿಲ್ಲ. ಅದಕ್ಕಾಗಿ ನಾನು ಪ್ರತಿ ಕೆಪಿಐಗೂ ಹಿಂದಿನ ಮೂರು ವಾರಗಳ ಅಂಕಿಯನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಡೆಲಿವರಿಗೆ ಅದು 97, 95, 93, ಈಗ 91. ತಡವಾದ ಆರ್ಡರ್ ಸಾಲುಗಳು ಎರಡು, ಮೂರು, ನಾಲ್ಕು, ಈಗ 56ರಲ್ಲಿ ಐದು. ಒಂದು ವಾರದ ಏರಿಳಿತ ಏನನ್ನೂ ಹೇಳದಿರಬಹುದು. ನಾಲ್ಕು ವಾರ ಒಂದೇ ದಿಕ್ಕಿಗೆ ಹೋಗುವುದು ಬೇರೆ ಮಾತು.

ಐದರಲ್ಲಿ ನಾಲ್ಕು ಸಾಲುಗಳು ಎರಕ ಮುಗಿದು, ಹೊರಗಿನ ಮಷೀನಿಂಗ್ ಶಾಪಿಗೆ ಜಾಬ್ ವರ್ಕಿಗೆಂದು ಹೋಗಿ ಅಲ್ಲೇ ಸರದಿಯಲ್ಲಿ ಕುಳಿತಿವೆ. ಇದು ಗೇಟ್ ಪಾಸಿನ ಪುಸ್ತಕದಿಂದ ತಿಳಿಯುತ್ತದೆ. ಆದರೆ ನನ್ನನ್ನು ಹೆಚ್ಚು ಕಳವಳಕ್ಕೆ ತಳ್ಳಿದ್ದು ಇನ್ನೊಂದು. ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲಿಗೂ ಎರಡು ದಿನಾಂಕಗಳಿರುತ್ತವೆ: ಗ್ರಾಹಕರಿಗೆ ಮೊದಲು ಒಪ್ಪಿಕೊಂಡದ್ದು, ಆಮೇಲೆ ಫೋನ್ ಮಾಡಿ ಮುಂದೂಡಿಸಿಕೊಂಡದ್ದು. ಡ್ಯಾಶ್‌ಬೋರ್ಡ್ ಎಣಿಸುವುದು ಎರಡನೆಯದನ್ನು. ಆ ವಾರ ಸಕಾಲದ್ದೆಂದು ಎಣಿಕೆಯಾದ 51 ಸಾಲುಗಳಲ್ಲಿ ಮೂರು, ಮೊದಲ ದಿನಾಂಕ ದಾಟಿದವು. ಮೊದಲ ದಿನಾಂಕದಿಂದ ಎಣಿಸಿದರೆ 56ರಲ್ಲಿ 48, ಅಂದರೆ ಶೇ. 85.7. ಅದು ಗುರಿಗಿಂತ ಕೆಳಗೆ. ನಿಮ್ಮಲ್ಲಿ ಯಾವ ದಿನಾಂಕ ಎಣಿಕೆಯಾಗುತ್ತದೆ ಎಂದು ತಿಳಿಯಬೇಕಾದರೆ, ಮುಂದೂಡಲಾಗಿದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಆರ್ಡರನ್ನು ಹುಡುಕಿ, ಅದು ತಡವಾದವುಗಳ ಪಟ್ಟಿಯಲ್ಲಿದೆಯೇ ನೋಡಿ.

ಈಗ ಎರಡೂ ಅಂಕಿಗಳನ್ನು ಒಟ್ಟಿಗೆ ಇಟ್ಟು ಮುಂದಿನ ವಾರವನ್ನು ನೋಡಬೇಕು. ಗುರುವಾರ, ಜುಲೈ 17ರ ಸಂಜೆ 400 ಪಂಪ್ ಬಾಡಿ ಹೋಗಬೇಕು. ಪಾಸಾದವು 360, ಕೊರತೆ 40. 10ರಿಂದ 12ರವರೆಗೆ ಪಂಪ್ ಬಾಡಿ ಹೊಯ್ದಿಲ್ಲ, ಹಾಗಾಗಿ ದಾರಿಯಲ್ಲಿರುವ ಮಾಲೂ ಇಲ್ಲ. ಮೂರು ದಿನ ಬೇಕೆಂದರೆ ಸೋಮವಾರವೇ ಹೊಯ್ಯಬೇಕು. ನಾಲ್ಕಕ್ಕೊಂದು ಹೋಗುತ್ತಿರುವಾಗ 40 ಹೊಯ್ದರೆ 30 ಉಳಿಯುತ್ತವೆ. 40 ಬೇಕಾದರೆ 54 ಹೊಯ್ಯಬೇಕು. ಹಾಗೆ ಹೊಯ್ಯಬೇಕಾದರೆ ಆ ಪಾಳಿಯಲ್ಲಿದ್ದ ವಾಲ್ವ್ ಬಾಡಿಯನ್ನು ಹಿಂದಕ್ಕೆ ಹಾಕಬೇಕಾಗುತ್ತದೆ. ಅದು ಯೋಜನಾ ವಿಭಾಗದ ಗುಮಾಸ್ತ ತಾನೇ ಮಾಡುವ ತೀರ್ಮಾನವಲ್ಲ. ಮೇಲ್ ಹೋಗಬೇಕಾದದ್ದು ಈ ಕಾರಣಕ್ಕೆ.

ನಾಲ್ಕನೇ ಹೆಜ್ಜೆ: ಬರೆಯುವುದು

ವಿಷಯದ ಸಾಲಿನಲ್ಲಿ ಬರೀ 'ವಾರದ ವರದಿ' ಎಂದರೆ ಅದು ಊಟದ ಮೇಲೆ ಓದುವ ಮೇಲ್ ಆಗುತ್ತದೆ. ಅವಧಿ, ಎರಡು ಅಂಕಿ, ಎಷ್ಟು ಹೊತ್ತಿನೊಳಗೆ ಉತ್ತರ ಬೇಕು, ಇಷ್ಟು ಅಲ್ಲೇ ಇರಲಿ. ಚಿತ್ರವನ್ನು ಬರಹದ ಕೆಳಗೆ ಅಂಟಿಸಿ, ಮೇಲೆ ಬೇಡ. ಮೊಬೈಲಿನಲ್ಲಿ ತೆರೆದಾಗ ದೊಡ್ಡ ಚಿತ್ರ ಮೊದಲು ಬಂದರೆ ಬರಹ ಕೆಳಗೆ ಮರೆಯಾಗುತ್ತದೆ, ಚಿತ್ರದೊಳಗಿನ ಅಕ್ಷರ ಸಣ್ಣದಾಗಿ ಓದಲೂ ಬರುವುದಿಲ್ಲ. ಕೆಲವು ಕಡೆ ಚಿತ್ರ ತೆರೆಯುವುದೇ ಇಲ್ಲ. ಆದ್ದರಿಂದ ತೀರ್ಮಾನಕ್ಕೆ ಬೇಕಾದ ಪ್ರತಿ ಅಂಕಿಯೂ ಬರಹದಲ್ಲೇ ಇರಬೇಕು, ಚಿತ್ರ ಸಾಕ್ಷಿಯಾಗಿ ಇರಬೇಕು. ನಮ್ಮ ಕಡೆ ಇಂಥ ಮೇಲ್‌ಗಳು ಇಂಗ್ಲಿಷಿನಲ್ಲಿ ಹೋಗುವುದೇ ಹೆಚ್ಚು; ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

> ವಿಷಯ: ಜುಲೈ 7–12: ರಿಜೆಕ್ಷನ್ ಶೇ. 6.0, ಡೆಲಿವರಿ ಸತತ ಮೂರನೇ ವಾರವೂ ಇಳಿಕೆ; ಇಂದು 12 ಗಂಟೆಯೊಳಗೆ ಎರಡು ಒಪ್ಪಿಗೆ ಬೇಕು
>
> ಮಾನ್ಯ ಸರ್,
>
> ನಮಸ್ಕಾರ. ಕಳೆದ ವಾರ ಡಿಸ್ಪ್ಯಾಚ್ 116 ಟನ್ ಆಗಿದೆ, ಗುರಿ 115. ಗ್ರಾಹಕರ ದೂರು ಒಂದು. ಎರಡು ವಿಷಯಗಳು ತಮ್ಮ ಗಮನಕ್ಕೆ ಬರಬೇಕಾಗಿವೆ.
>
> ಮೊದಲನೆಯದು, ರಿಜೆಕ್ಷನ್ ಶೇ. 4.2 ಇದ್ದದ್ದು ಶೇ. 6.0 ಆಗಿದೆ (120 ಟನ್ನಿಗೆ 7.2 ಟನ್). ಹೆಚ್ಚಾದ 2.1 ಟನ್ ಪೂರ್ತಿ ಪಂಪ್ ಬಾಡಿಯದು: 480ರಲ್ಲಿ 120 ಹೋಗಿವೆ, ಅವುಗಳಲ್ಲಿ 92 ಜುಲೈ 7 ಮತ್ತು 8ರಂದು ಹೊಯ್ದವು, ದೋಷ ಹೆಚ್ಚಾಗಿ ಬ್ಲೋ ಹೋಲ್. ಆ ಎರಡು ದಿನ ಮರಳಿನ ತೇವಾಂಶ ಶೇ. 4.3 ಇತ್ತು. ಅದೇ ಕಾರಣವೆಂದು ಇನ್ನೂ ಖಚಿತವಾಗಿಲ್ಲ. ಕೋರ್ ಮತ್ತು ವೆಂಟ್ ಪರೀಕ್ಷೆ ಬಾಕಿ ಇದೆ. 10ರಿಂದ 12ರವರೆಗೆ ಹೊಯ್ದ ಬೇರೆ ಐಟಂಗಳ ಫಲಿತಾಂಶ ಮಂಗಳವಾರ ಸಂಜೆಗೆ ತಿಳಿಯುತ್ತದೆ.
>
> ಎರಡನೆಯದು, ಸಕಾಲದ ಡೆಲಿವರಿ ಶೇ. 91 ಇದ್ದು ಡ್ಯಾಶ್‌ಬೋರ್ಡಿನಲ್ಲಿ ಹಸಿರಾಗಿದೆ. ಆದರೆ ನಾಲ್ಕು ವಾರಗಳಲ್ಲಿ ಅದು 97, 95, 93, 91 ಎಂದು ಇಳಿದಿದೆ, ಮತ್ತು ಮೊದಲು ಒಪ್ಪಿದ ದಿನಾಂಕದಿಂದ ಎಣಿಸಿದರೆ ಶೇ. 85.7 ಆಗುತ್ತದೆ (56ರಲ್ಲಿ 48). ತಡವಾದ ಐದು ಸಾಲುಗಳಲ್ಲಿ ನಾಲ್ಕು ಮಷೀನಿಂಗ್ ಶಾಪಿನಲ್ಲಿ ನಿಂತಿವೆ.
>
> ಗುರುವಾರ ಸಂಜೆ ಹೋಗಬೇಕಾದ 400 ಪಂಪ್ ಬಾಡಿಗಳಲ್ಲಿ 40 ಕಡಿಮೆ ಬೀಳುತ್ತವೆ. ಆದ್ದರಿಂದ ಎರಡು ಒಪ್ಪಿಗೆ ಕೋರುತ್ತೇನೆ. ಇಂದಿನ ಎರಡನೇ ಪಾಳಿಯಲ್ಲಿ, ಮರಳಿನ ತೇವಾಂಶ ಶೇ. 3.6ರೊಳಗೆ ಇರುವುದನ್ನು ನೋಡಿಕೊಂಡು, 54 ಪಂಪ್ ಬಾಡಿ ಹೊಯ್ಯಲು. ಇದರಿಂದ ವಾಲ್ವ್ ಬಾಡಿ ಒಂದು ದಿನ ಹಿಂದಕ್ಕೆ ಹೋಗುತ್ತದೆ. ಮತ್ತು ನಿಂತಿರುವ ನಾಲ್ಕು ಸಾಲುಗಳಲ್ಲಿ ಎರಡನ್ನು ಇನ್ನೊಂದು ಶಾಪಿಗೆ ಕೊಡಲು; ಅಲ್ಲಿ ದರ ಹೆಚ್ಚು, ವಿವರವನ್ನು ಖರೀದಿ ವಿಭಾಗದವರು ತರುತ್ತಾರೆ.
>
> ವಿದ್ಯುತ್ 624 ಯುನಿಟ್ ಎಂದು ಕೆಂಪಾಗಿರುವುದು ಹೊಸ ಲೈನಿಂಗ್ ಕಾಯಿಸಿದ 1,800 ಯುನಿಟ್ಟಿನಿಂದ. ಅದನ್ನು ಕಳೆದರೆ ಹಿಂದಿನ ವಾರದ 615 ಆಗುತ್ತದೆ.
>
> ಡ್ಯಾಶ್‌ಬೋರ್ಡಿನ ಚಿತ್ರ ಕೆಳಗಿದೆ (ಇಂದು ಬೆಳಗ್ಗೆ 8 ಗಂಟೆಯದು).
>
> ತಮ್ಮ ವಿಶ್ವಾಸಿ,
> ಯೋಜನಾ ವಿಭಾಗ

ಕಳಿಸುವ ಮುನ್ನ ಬರಹದ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಅದು ಚಿತ್ರದಲ್ಲಿದೆಯೇ ಅಥವಾ ಯಾವ ರಿಜಿಸ್ಟರಿನಿಂದ ಬಂತು ಎಂದು ನೋಡುತ್ತೇನೆ. ಶೇ. 85.7 ಚಿತ್ರದಲ್ಲಿಲ್ಲ, ಹಾಗಾಗಿ ಅದರ ಪಕ್ಕದಲ್ಲೇ ಲೆಕ್ಕವನ್ನೂ ಕೊಟ್ಟಿದ್ದೇನೆ. ಮರಳಿನ ವಿಭಾಗ ಮತ್ತು ತಪಾಸಣೆಯ ಹಿರಿಯರಿಗೆ ಮೇಲ್ ಹೋಗುವ ಮೊದಲು ಫೋನಿನಲ್ಲಿ ವಿಷಯ ತಿಳಿಸಿರಬೇಕು. ತಮ್ಮ ವಿಭಾಗದ ಅಂಕಿಯನ್ನು ಮ್ಯಾನೇಜರರ ಬಾಯಿಂದ ಮೊದಲು ಕೇಳುವ ಪ್ರಸಂಗ ಯಾರಿಗೂ ಬರಬಾರದು. ಅದೂ ಅಲ್ಲದೆ, ಕೋರ್ ಇಡುವ ಕೋಣೆಯ ಬಾಗಿಲು ಆ ಎರಡು ದಿನ ಕೆಟ್ಟಿತ್ತು ಎಂಬಂಥ ಮಾಹಿತಿ ಸಿಗುವುದಿದ್ದರೆ ಸಿಗುವುದು ಆ ಫೋನಿನಲ್ಲೇ.

ಮುಂದಿನ ಸೋಮವಾರದ ಮೇಲ್‌ನ ಮೊದಲ ಪ್ಯಾರಾ ಇವೇ ಎರಡು ಅಂಕಿಗಳಿಂದ ಆರಂಭವಾಗಬೇಕು, ಅವು ಸುಧಾರಿಸಿದ್ದರೂ ಸರಿಯೇ: 54ರಲ್ಲಿ ಎಷ್ಟು ಪಾಸಾದವು, ಆ ಪಾಳಿಯ ತೇವಾಂಶ ಎಷ್ಟಿತ್ತು, ಮೊದಲ ದಿನಾಂಕದಿಂದ ಎಣಿಸಿದ ಡೆಲಿವರಿ ಎಷ್ಟು. ತೇವಾಂಶ ಮಿತಿಯೊಳಗಿದ್ದೂ ಮತ್ತೆ ಹತ್ತಿಪ್ಪತ್ತು ಬ್ಲೋ ಹೋಲ್ ಬಂದಿದ್ದರೆ ಅನುಮಾನ ಮರಳಿನಿಂದ ಕೋರಿನ ಕಡೆಗೆ ಹೊರಳಬೇಕಾಗುತ್ತದೆ, ಅದನ್ನೂ ಅಲ್ಲೇ ಬರೆಯಬೇಕು.